ಹದಿನಾಲ್ಕು ದಿನದ ನೋಟೀಸು

ಶಹಾಪುರದ ಉಣ್ಣೆ ಮತ್ತು ಕಂಬಳಿ ನೇಕಾರರ ಸಹಕಾರಿ ಸಂಘಕ್ಕೆ ಜಲಾಲುದ್ದೀನ ಮುನಶಿಯವರು ಸೆಕ್ರೆಟರಿಯಾಗಿ ಏಳು ವರ್ಷವಾಗಿತ್ತು. ಆ ಏಳು ವರ್ಷದಲ್ಲಿ ಅವರು ಏಳು ವಾರ್ಷಿಕ ಮಹಾಸಭೆಗಳನ್ನು ನಡೆಸಿದ್ದರು. ಒಂದಕ್ಕೂ ಒಬ್ಬ ಸದಸ್ಯನೂ ಬಂದಿರಲಿಲ್ಲ.

ಹಾಗೆಂದು ನಡಾವಳಿ ಪುಸ್ತಕದಲ್ಲಿ ಯಾವ ಕೊರತೆಯೂ ಇರಲಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ ಮುನಶಿಯವರು ಮಸಿ ಕುಡಿಕೆ ತೆರೆದು, ಮುತ್ತು ಪೋಣಿಸಿದಂಥ ಉರ್ದು ಅಕ್ಷರಗಳಲ್ಲಿ ಸಭೆಯನ್ನು ಬರೆದು ಮುಗಿಸುತ್ತಿದ್ದರು. ಇಂಥವರು ಸೂಚಿಸಿದರು, ಇಂಥವರು ಅನುಮೋದಿಸಿದರು, ಎಲ್ಲ ಠರಾವುಗಳೂ ಸರ್ವಾನುಮತದಿಂದ ಪಾಸಾದವು. ಮುಂದಿನ ಸಂತೆಗಳಲ್ಲಿ ಕಂಬಳಿ ಮಾರಲು ಬಂದವರ ಹೆಬ್ಬೆಟ್ಟನ್ನು ಜವಾನ ಮಕ್ತುಮಸಾಬ ಒತ್ತಿಸಿಕೊಂಡು ಬರುತ್ತಿದ್ದ. ಯಾತಕ್ಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಸರಕಾರ ಇದ್ದಮೇಲೆ ಹೆಬ್ಬೆಟ್ಟು ಒತ್ತಬೇಕಾಗುತ್ತದೆ ಎಂಬುದು ಅವರಿಗೆ ನಿಜಾಮನ ಕಾಲದಿಂದಲೂ ಗೊತ್ತಿತ್ತು.

ಮುನಶಿಯವರು ಕೆಟ್ಟ ಮನುಷ್ಯರಲ್ಲ. ಸಂಘದ ಒಂದು ಹಿಡಿ ಉಣ್ಣೆಯನ್ನೂ ಮನೆಗೆ ಒಯ್ದವರಲ್ಲ. ಅಧ್ಯಕ್ಷ ದೇವಿಂದ್ರಪ್ಪನವರು ಹೇಳಿದ್ದನ್ನು ಚೆಂದವಾಗಿ ಬರೆದಿಡುವುದೇ ಸೆಕ್ರೆಟರಿಯ ಕೆಲಸ ಎಂದು ನಂಬಿದ್ದರು, ಅಷ್ಟೆ. ಊರಲ್ಲಿ ಅಷ್ಟು ಚೆಂದವಾಗಿ ಬರೆಯುವವರು ಬೇರೆ ಯಾರೂ ಇರಲಿಲ್ಲ ಎಂಬ ಸಣ್ಣ ಹೆಮ್ಮೆಯೂ ಅವರಿಗಿತ್ತು.

ರಾಜ್ಯಗಳು ಒಂದಾದ ಮರುವರ್ಷ, ಅಂದರೆ ಐವತ್ತೇಳರ ಆಗಸ್ಟಿನಲ್ಲಿ, ತುಮಕೂರಿನ ಕಡೆಯಿಂದ ವರ್ಗವಾಗಿ ಬಂದ ಸಹಕಾರ ಇಲಾಖೆಯ ಇನ್ಸ್‌ಪೆಕ್ಟರರು ಸಂಘದ ತಪಾಸಣೆಗೆ ಬಂದರು. ತೆಳ್ಳಗಿನ ಮನುಷ್ಯ, ಸಣ್ಣ ದನಿ. ಉರ್ದು ಬಾರದ ಕಾರಣ ನಡಾವಳಿ ಪುಸ್ತಕವನ್ನು ಮುನಶಿಯವರಿಂದಲೇ ಓದಿಸಿದರು. ತಾವು ಬರೆದದ್ದನ್ನು ಮುನಶಿಯವರು ಮೊದಲ ಸಲ ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕಾಯಿತು. ಉರ್ದುವಿನಲ್ಲಿ ಗಂಭೀರವಾಗಿದ್ದ ಸಂಗತಿಗಳು ಕನ್ನಡದಲ್ಲಿ ಯಾಕೋ ಸುಳ್ಳಿನಂತೆ ಕೇಳತೊಡಗಿದವು.

"ಹೋದ ವರ್ಷ ನೂರ ನಲವತ್ತಮೂರು ಸದಸ್ಯರಲ್ಲಿ ನೂರ ನಲವತ್ತಮೂರೂ ಜನ ಬಂದಿದ್ದರಾ?" ಎಂದು ಇನ್ಸ್‌ಪೆಕ್ಟರರು ಕೇಳಿದರು.

"ಬರದದ್ದು ಹಂಗೇ ಅದರಿ."

"ಅದರಲ್ಲಿ ಮೂರು ಜನ ಅದಕ್ಕೂ ಮೊದಲೇ ತೀರಿಹೋಗಿದ್ದಾರೆ ಅಂತ ನಿಮ್ಮ ಸದಸ್ಯರ ಪಟ್ಟಿಯಲ್ಲೇ ಇದೆಯಲ್ಲ ಸ್ವಾಮಿ."

ಮುನಶಿಯವರು ತಲೆ ತಗ್ಗಿಸಿದರು. ಬಾಗಿಲ ಬಳಿ ನಿಂತಿದ್ದ ಮಕ್ತುಮಸಾಬ ಮಾತ್ರ ಹಿಂಜರಿಯದೆ ಹೇಳಿದ: "ಅವರ ಮನಿಯವರು ಬಂದಿದ್ರರಿ ಸಾಹೇಬ್ರ."

ಇನ್ಸ್‌ಪೆಕ್ಟರರು ನಗಲಿಲ್ಲ, ಬೈಯಲೂ ಇಲ್ಲ. ಸಂಘದ ಉಪನಿಯಮಗಳ ಪುಸ್ತಕ ತರಿಸಿದರು. ಹೈದ್ರಾಬಾದಿನ ಕಾಯಿದೆಯೇ ಇನ್ನೂ ಜಾರಿಯಲ್ಲಿತ್ತು. ಆ ಪುಸ್ತಕದ ಪ್ರಕಾರ ಮಹಾಸಭೆಯ ನೋಟೀಸು ಪ್ರತಿಯೊಬ್ಬ ಸದಸ್ಯನಿಗೂ ಮುಟ್ಟಬೇಕು. ಅದರಲ್ಲಿ ತಾರೀಖು, ಹೊತ್ತು, ಜಾಗ, ಚರ್ಚೆಗೆ ಬರುವ ವಿಷಯಗಳು ಇರಬೇಕು. ಮುಟ್ಟಿದ್ದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಇರಬೇಕು. ಸಭೆಗೆ ಮುಂಚೆ ಹದಿನೈದು ಪೂರ್ತಿ ದಿನ ಇರಬೇಕು.

"ಪೂರ್ತಿ ದಿನ ಅಂದ್ರೆ ಏನು ಗೊತ್ತೇನ್ರೀ? ನೋಟೀಸು ಕೊಟ್ಟ ದಿನ ಲೆಕ್ಕಕ್ಕಿಲ್ಲ. ಸಭೆ ನಡೆಯೋ ದಿನವೂ ಲೆಕ್ಕಕ್ಕಿಲ್ಲ. ಇವೆರಡರ ನಡುವೆ ಹದಿನೈದು ದಿನ. ಈ ವರ್ಷದ ಸಭೆಗೆ ನಾನೇ ಬಂದು ಕೂರ್ತೀನಿ."

ಹಾಗೆ ಹೇಳಿ ಅವರು ಮುಂದಿನ ತಪಾಸಣೆಗೆ ಭೀಮರಾಯನಗುಡಿಯ ದಾರಿ ಹಿಡಿದರು. ಮುನಶಿಯವರು ಅಧ್ಯಕ್ಷರ ಮನೆಯ ದಾರಿ ಹಿಡಿದರು.

ದೇವಿಂದ್ರಪ್ಪನವರು ಸ್ವತಃ ಕಂಬಳಿ ನೇಯ್ದವರಲ್ಲ. ಅವರ ಅಜ್ಜ ನೇಯ್ದಿದ್ದ. ಸದಸ್ಯರಾಗಲು ಅಷ್ಟು ಸಾಕಾಗಿತ್ತು. ಜೋಳದ ವ್ಯಾಪಾರ ಅವರ ನಿಜವಾದ ಉದ್ಯೋಗ. ಮುನಶಿಯವರ ಮಾತನ್ನು ಕೇಳಿ ಅವರು ಬೆಚ್ಚಲಿಲ್ಲ.

"ಕೊಡ್ರಲ್ಲ ಮತ್ತ. ಕೊಡಬ್ಯಾಡ ಅಂದವರ್ಯಾರು? ಕಾಯಿದೆ ಪ್ರಕಾರ ಎಲ್ಲಾರಿಗೂ ಕೊಡ್ರಿ. ಬರಬೇಕು ಅಂತ ಕಾಯಿದ್ಯಾಗ ಇಲ್ಲಲ್ಲ?"

"ಇಲ್ಲರಿ. ಆದ್ರ ಕೋರಂ ಅಂತ ಒಂದದ. ಐದನೇ ಒಂದು ಪಾಲಿಗಿಂತ ಹೆಚ್ಚು ಜನ ಬರಬೇಕು. ಇಪ್ಪತ್ತೊಂಬತ್ತು."

"ಇಪ್ಪತ್ತೊಂಬತ್ತು ನನ್ನ ಮಂದೀನೇ ಆಗ್ತದ. ಉಳದವರು ಕುರಿ ಹಿಂದ ಇರ್ತಾರ." ದೇವಿಂದ್ರಪ್ಪನವರು ಎಲೆ ಅಡಿಕೆ ಹಾಕಿಕೊಂಡರು. "ಇನ್ನೊಂದು ಮಾತು ಮುನಶಿಯವರ. ಆ ಎಲೆಕ್ಷನ್ ಅನ್ನೋದು ನೋಟೀಸಿನ್ಯಾಗ ಬ್ಯಾಡ. ಬರದ್ರ ಮಂದಿಗಿ ಇಲ್ಲದ ಆಸಿ ಹುಟ್ಟತದ."

ಸಂಘದ ಆಡಳಿತ ಮಂಡಳಿಗೆ ಪ್ರತಿ ಮಹಾಸಭೆಯಲ್ಲೂ ಚುನಾವಣೆ ಆಗಬೇಕಿತ್ತು. ಹೊಸಬರು ಬರುವ ತನಕ ಹಳಬರೇ ಮುಂದುವರಿಯುತ್ತಾರೆ ಎಂದೂ ಉಪನಿಯಮ ಹೇಳುತ್ತಿತ್ತು. ಆ ಎರಡನೆಯ ಸಾಲನ್ನು ದೇವಿಂದ್ರಪ್ಪನವರು ಚೆನ್ನಾಗಿ ಬಲ್ಲರು. ನೋಟೀಸಿನಲ್ಲಿ ಇಲ್ಲದ ವಿಷಯವನ್ನು ಸಭೆ ಎತ್ತಿಕೊಳ್ಳುವಂತಿಲ್ಲ ಎಂಬ ಇನ್ನೊಂದು ಸಾಲನ್ನೂ ಬಲ್ಲರು. ಎರಡನ್ನೂ ಜೋಡಿಸಿದರೆ ಜೀವಮಾನದ ಅಧ್ಯಕ್ಷಗಿರಿ ಆಗುತ್ತಿತ್ತು.

ಆಗಸ್ಟ್ ಇಪ್ಪತ್ತೈದಕ್ಕೆ ಏಳು ಜನರ ಮಂಡಳಿ ಅಧ್ಯಕ್ಷರ ಪಡಸಾಲೆಯಲ್ಲಿ ಸೇರಿ, ಚಹಾ ಕುಡಿದು, ಸೆಪ್ಟೆಂಬರ್ ಇಪ್ಪತ್ತೆರಡನೆಯ ತಾರೀಖು ಭಾನುವಾರ ಮುಂಜಾನೆ ಹನ್ನೊಂದಕ್ಕೆ ಸಂಘದ ಗೋದಾಮಿನಲ್ಲಿ ಮಹಾಸಭೆ ಎಂದು ಠರಾವು ಮಾಡಿತು. ವಿಷಯಗಳು ನಾಲ್ಕು: ಹಿಂದಿನ ಸಭೆಯ ನಡಾವಳಿ ಓದುವುದು, ವರ್ಷದ ವರದಿ ಒಪ್ಪುವುದು, ಆಡಿಟ್ ವರದಿ ನೋಡುವುದು, ಮುಂದಿನ ವರ್ಷದ ಕೆಲಸಗಳನ್ನು ಗೊತ್ತುಮಾಡುವುದು. ಐದನೆಯದು ಇರಬೇಕಾಗಿತ್ತು, ಇರಲಿಲ್ಲ. ಮುನಶಿಯವರು ಅದನ್ನು ಒಂದು ಸಲ ನೆನಪಿಸಿದರು. ಯಾರಿಗೂ ಕೇಳಿಸಲಿಲ್ಲ.

ನೋಟೀಸು ಇನ್ನು ಕನ್ನಡದಲ್ಲಿ ಹೋಗಬೇಕು ಎಂದು ಇನ್ಸ್‌ಪೆಕ್ಟರರು ಹೇಳಿದ್ದರು. ಮುನಶಿಯವರಿಗೆ ಕನ್ನಡ ಮಾತು ನೀರು ಕುಡಿದಷ್ಟು ಸಲೀಸು. ಬರವಣಿಗೆಯನ್ನು ಮಾತ್ರ ಐವತ್ತೆರಡನೆಯ ವಯಸ್ಸಿನಲ್ಲಿ ಆ ವರ್ಷವೇ ಕಲಿತಿದ್ದರು. ಕಚೇರಿಯ ಕನ್ನಡ ಹೇಗಿರುತ್ತದೆ ಎಂದು ನೋಡಲು ತಹಸೀಲ ಕಚೇರಿಗೆ ಹೋದರು. ಅಲ್ಲಿ ಗೋಡೆಗೆ ಅಂಟಿಸಿದ್ದು ಬರೀ ಕೋರ್ಟಿನ ಕಾಗದಗಳು. ಅವುಗಳ ಗತ್ತು ಮುನಶಿಯವರಿಗೆ ಬಹಳ ಹಿಡಿಸಿತು. ನಾಲ್ಕು ಸಾಲು ಬರೆದುಕೊಂಡು ಬಂದು, ಮನೆಯಲ್ಲಿ ಕೂತು ತಮ್ಮ ನೋಟೀಸಿಗೆ ಹೊಲಿದರು:

"ಸದರಿ ಸಂಘದ ಸದಸ್ಯರಾದ ತಮಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೆಳಗೆ ಕಾಣಿಸಿದ ದಿನ, ವೇಳೆ ಹಾಗೂ ಸ್ಥಳದಲ್ಲಿ ತಾವು ಖುದ್ದಾಗಿ, ತಪ್ಪದೆ ಹಾಜರಾಗತಕ್ಕದ್ದು."

ಹೆಂಡತಿ ಗೌಹರಬೇಗಂ ಓದಿಸಿಕೊಂಡು ಕೇಳಿ, ಯಾರನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಕೇಳಿದರು. ಅದು ಅದಬಿನ, ಅಂದರೆ ಮರ್ಯಾದೆಯ ಭಾಷೆ, ನಿನಗೆ ತಿಳಿಯುವುದಿಲ್ಲ ಎಂದು ಮುನಶಿಯವರು ಹೇಳಿದರು. ದೇವಿಂದ್ರಪ್ಪನವರು ಓದಿ, ಒಂದು ಅಕ್ಷರವೂ ತಿಳಿಯುವುದಿಲ್ಲ, ಭೇಷಾಗಿದೆ ಎಂದು ಮೆಚ್ಚಿದರು. ಯಾದಗಿರಿಯ ಛಾಪಖಾನೆಯಲ್ಲಿ ಅಚ್ಚಾಗಿ ಬಂದ ನೋಟೀಸಿಗೆ ಮುನಶಿಯವರು ಒಂದೊಂದಕ್ಕೂ ನೇರಳೆ ಬಣ್ಣದ ದುಂಡು ಮೊಹರು ಒತ್ತಿದರು. ಒಂದನ್ನು ಗೋದಾಮಿನ ಬಾಗಿಲಿಗೆ, ಒಂದನ್ನು ಚಾವಡಿಗೆ ಅಂಟಿಸಿದರು. ಒಂದು ಪ್ರತಿಯನ್ನು ಇನ್ಸ್‌ಪೆಕ್ಟರರಿಗೆ ಟಪಾಲಿಗೆ ಹಾಕಿದರು.

ಉಳಿದವನ್ನು ಹಂಚಲು ಮಕ್ತುಮಸಾಬ ಹೊರಟ. ಕಂಕುಳಲ್ಲಿ ರಿಜಿಸ್ಟರು, ಕಿಸೆಯಲ್ಲಿ ಮಸಿಯ ಪ್ಯಾಡು. ಶಹಾಪುರದ ಓಣಿಗಳು, ಸುರಪುರದ ಸುತ್ತಲ ಹಳ್ಳಿಗಳು, ಅತ್ತ ಯಾದಗಿರಿಯ ಆಚೆ ರಾಮಸಮುದ್ರದವರೆಗೆ ಅವನು ತಿರುಗಿದ. ಪೂರ್ತಿ ಹದಿನೈದು ದಿನ ಉಳಿಯಬೇಕಾದರೆ ಸೆಪ್ಟೆಂಬರ್ ಆರರೊಳಗೆ ಎಲ್ಲವೂ ಮುಟ್ಟಬೇಕಿತ್ತು. ಆರರ ಸಂಜೆ ಹೊತ್ತಿಗೆ ಒಂದೇ ಒಂದು ನೋಟೀಸು ಉಳಿಯಿತು. ಎಂಬತ್ತೇಳನೆಯ ನಂಬರಿನ ಸದಸ್ಯೆ ಭೀಮವ್ವನದು.

ಭೀಮವ್ವ ಗಂಡ ಸತ್ತ ಮೇಲೆ ಅವನ ಷೇರಿಗೆ ವಾರಸುದಾರಳಾಗಿ ಸದಸ್ಯೆಯಾದವಳು. ಉಣ್ಣೆ ನೂಲುವುದರಲ್ಲಿ ಅವಳ ಕೈಗೆ ಸಮನಾದ ಕೈ ಆ ಸೀಮೆಯಲ್ಲಿರಲಿಲ್ಲ. ಮಳೆಗೆ ಎರೆ ನೆಲ ಕೆಸರಾಗಿ ಕುರಿಗಳ ಕಾಲು ಕೊಳೆಯತೊಡಗಿದ್ದರಿಂದ ಮಂದೆ ಹೊಡೆದುಕೊಂಡು ತಿಂಥಣಿಯ ಕಡೆ ಕಲ್ಲು ನೆಲಕ್ಕೆ ಹೋಗಿದ್ದಳು. ಮಕ್ತುಮಸಾಬ ಅವಳನ್ನು ಹುಡುಕಿ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಏಳನೆಯ ತಾರೀಖಿನ ಮಧ್ಯಾಹ್ನ.

ಮರಳಿ ಬಂದವನು ರಿಜಿಸ್ಟರನ್ನು ಮುನಶಿಯವರ ಮುಂದಿಟ್ಟು ಹೇಳಿದ: "ತಾರೀಖಿನ ಜಾಗ ಖಾಲಿ ಬಿಟ್ಟೀನ್ರಿ. ಆರು ಅಂತ ಬರಕೋರಿ. ಆ ಮುದುಕಿಗಿ ಏನ ತಿಳೀತದ?"

ಮುನಶಿಯವರು ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ಏಳು ವರ್ಷ ಬಾರದ ನೂರ ನಲವತ್ತಮೂರು ಜನರನ್ನು ಬಂದರೆಂದು ಬರೆದ ಕೈ ಅದು. ಒಂದು ದಿನ ಹಿಂದೆ ಸರಿಸುವುದು ಅದಕ್ಕೆ ಏನೂ ದೊಡ್ಡದಲ್ಲ. ಆದರೆ ಆ ರಿಜಿಸ್ಟರಿನ ಪುಟಗಳನ್ನು ತಿರುವಿದಾಗ ಅವರಿಗೆ ಒಂದು ವಿಚಿತ್ರ ಸಂಕಟವಾಯಿತು. ಒಂದೊಂದು ಹೆಬ್ಬೆಟ್ಟೂ ನಿಜವಾದ ದಿನ, ನಿಜವಾದ ಊರಿನಲ್ಲಿ ಬಿದ್ದಿತ್ತು. ತಮ್ಮ ಕಚೇರಿಯಲ್ಲಿ ಅಂಥದೊಂದು ಪುಸ್ತಕ ಮೊದಲು ಇರಲಿಲ್ಲ. ಅದನ್ನು ಕೆಡಿಸಲು ಕೈ ಬರಲಿಲ್ಲ. ಏಳು ಎಂದೇ ಬರೆದರು.

"ನೂರ ಮೂವತ್ತೊಂಬತ್ತು ಮಂದಿಗಿ ಬರೋಬರ್ ಮುಟ್ಯಾವ. ಒಂದಕ್ಕ ಯಾರ ನೋಡ್ತಾರ?" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಇತ್ತ ಹಳ್ಳಿಗಳಲ್ಲಿ ನೋಟೀಸು ತನ್ನ ಕೆಲಸ ಮಾಡತೊಡಗಿತ್ತು. ಆ ಸೀಮೆಯಲ್ಲಿ ಮನೆಗೆ ನೋಟೀಸು ಬರುವುದೆಂದರೆ ಒಂದೋ ಜಮೀನು ಹೋಗುವುದು, ಇಲ್ಲವೇ ಮನುಷ್ಯ ಹೋಗುವುದು. ದುಂಡು ಮೊಹರು ಬೇರೆ ಇತ್ತು. ಹೆಬ್ಬೆಟ್ಟು ಬೇರೆ ಒತ್ತಿಸಿಕೊಂಡಿದ್ದರು. ಓದಬಲ್ಲ ಮಾಸ್ತರರ ಬಳಿ ಒಯ್ದರೆ ಅವರು "ಖುದ್ದಾಗಿ, ತಪ್ಪದೆ ಹಾಜರಾಗತಕ್ಕದ್ದು" ಎಂಬುದನ್ನು ಎರಡು ಸಲ ಓದಿ, "ಹೋಗಿಬಿಡ್ರಪ್ಪ, ಹೋಗದಿದ್ರ ಏನ ಮಾಡ್ತಾರಂತ ಬರದಿಲ್ಲ, ಅದೇ ಅಂಜಿಕಿ" ಎಂದರು. ಹೊಸ ಸರಕಾರ ಬಂದಿದೆ, ಕುರಿ ಎಣಿಸುತ್ತಾರಂತೆ ಎಂದು ಒಂದೂರಲ್ಲಿ ಸುದ್ದಿಯಾಯಿತು. ಬಾರದವರ ಮಗ್ಗ ಜಪ್ತಿಯಂತೆ ಎಂದು ಇನ್ನೊಂದೂರಲ್ಲಿ. ದೇವಿಂದ್ರಪ್ಪನವರು ಅರ್ಥವಾಗದಿರಲಿ ಎಂದು ಮೆಚ್ಚಿದ ನೋಟೀಸು ಅರ್ಥವಾಗದ ಕಾರಣಕ್ಕೇ ಎಲ್ಲರನ್ನೂ ಎಬ್ಬಿಸಿತು.

ಸೆಪ್ಟೆಂಬರ್ ಇಪ್ಪತ್ತೆರಡರ ಮುಂಜಾನೆ ಮುನಶಿಯವರು ಗೋದಾಮಿನ ಕಟ್ಟೆಯ ಮೇಲೆ ಮೂವತ್ತು ಜನಕ್ಕಾಗುವಷ್ಟು ಜಮಖಾನೆ ಹಾಸಿಸಿದ್ದರು. ಹತ್ತು ಗಂಟೆಯ ಹೊತ್ತಿಗೆ ಅಂಗಳ ತುಂಬಿತು. ಹನ್ನೊಂದಕ್ಕೆ ಹಾಜರಿ ಎಣಿಸಿದರೆ ನೂರ ಹದಿನೆಂಟು. ಕೆಲವರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಇಬ್ಬರು ಜಾಮೀನಿಗೆಂದು ನೆಂಟರನ್ನೂ ಕರೆತಂದಿದ್ದರು. ಇನ್ಸ್‌ಪೆಕ್ಟರರು ಮೂಲೆಯ ಕುರ್ಚಿಯಲ್ಲಿ ಕೂತು, "ಭಾರೀ ಜಾಗೃತ ಸಂಘ ಕಣ್ರೀ ನಿಮ್ಮದು" ಎಂದು ನಿಜವಾಗಿಯೂ ಸಂತೋಷಪಟ್ಟರು. ದೇವಿಂದ್ರಪ್ಪನವರ ಬಾಯಿಯಲ್ಲಿ ಎಲೆ ಅಡಿಕೆ ನಿಂತಲ್ಲೇ ನಿಂತಿತು.

"ಎಲ್ಲಾರು ಅಂಗಳದಾಗ ಕೂಡ್ರಿ" ಎಂದು ಅವರು ಕೂಗಿದರು.

ಯಾರೂ ಕೂರಲಿಲ್ಲ. ಭೀಮವ್ವ ಮುಂದೆ ಬಂದಳು. ತಿಂಥಣಿಯಿಂದ ಒಂದು ದಿನ ಮೊದಲೇ ಹೊರಟು ಬಂದಿದ್ದ ಅವಳು ಸೆರಗಿನಿಂದ ನೋಟೀಸು ಬಿಚ್ಚಿ ತೋರಿಸಿದಳು.

"ಗೋದಾಮಿನ್ಯಾಗ ಅಂತ ಬರದಾರಂತ್ರಿ ಇದರಾಗ. ಮಾಸ್ತರ ಓದಿ ಹೇಳ್ಯಾನ. ಅಂಗಳದಾಗ ಕುಂತ್ರ ನಾಳಿ ಬಂದಿಲ್ಲಂತ ಬರಕೊಂಡ್ರ ಏನ ಮಾಡೋಣ? ಒಳಗೇ ಕೂಡ್ತೀವಿ."

"ಹೌದು, ಒಳಗ ಒಳಗ" ಎಂದು ಜನ ಸೇರಿಸಿದರು. ಬರೆದ ಕಡೆ ಕೂರದೆ ದಂಡ ತೆರಲು ಯಾರೂ ಸಿದ್ಧರಿರಲಿಲ್ಲ.

"ಒಳಗ ಉಣ್ಣಿ ತುಂಬ್ಯಾದವ್ವ, ಜಾಗಿಲ್ಲ."

"ಉಣ್ಣಿ ಮ್ಯಾಲೇ ಕೂಡ್ತೀವಿ ತಗೋರಿ. ನಮಗೇನ ಹೊಸಾದಲ್ಲ."

ಇನ್ಸ್‌ಪೆಕ್ಟರರು ನೋಟೀಸಿನ ಪ್ರತಿ ತೆಗೆದು ನೋಡಿ, ಸಭೆಯ ಸ್ಥಳ ಗೋದಾಮು ಎಂದೇ ಇದೆ, ತೆರೆಯಿರಿ ಎಂದರು. ಬೀಗದ ಕೈ ಮನೆಯಲ್ಲೇ ಉಳಿದಿದೆ ಎಂದರು ಅಧ್ಯಕ್ಷರು. ಇನ್ನೊಂದು ಕೈ ಮಕ್ತುಮಸಾಬನ ಉಡಿದಾರದಲ್ಲಿತ್ತು. ಅದು ಅಲ್ಲಿರುವುದು ಅಧ್ಯಕ್ಷರಿಗೆ ಮರೆತುಹೋಗಿತ್ತು. ಬಾಗಿಲು ತೆರೆಯಿತು. ನೆಲದಿಂದ ತೊಲೆಯವರೆಗೆ ಜೋಳದ ಚೀಲ. ಉಣ್ಣೆ ಒಂದು ಮೂಲೆಯಲ್ಲಿ ಇಲಿಗಳಿಗೆ ಹಾಸಿಗೆಯಾಗುವಷ್ಟು ಇತ್ತು.

ಕಡೆಗೆ ಚೀಲದ ಸಂದುಗಳಲ್ಲಿ, ಹೊಸ್ತಿಲಲ್ಲಿ, ಕಟ್ಟೆಯ ಮೇಲೆ ಜನ ಹೇಗೋ ತೂರಿಕೊಂಡು ಕೂತರು. ಮೊದಲ ವಿಷಯ, ಹೋದ ವರ್ಷದ ನಡಾವಳಿ. ಮುನಶಿಯವರು ಕನ್ನಡ ಮಾಡಿ ಓದಿದರು. ತಾವು ಕಳೆದ ಸಲವೂ ಇಲ್ಲಿಗೆ ಬಂದಿದ್ದೆವೆಂದು ಕೇಳಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ವಿಷಯ, ವರ್ಷದ ವರದಿ. ಅದನ್ನು ಅಧ್ಯಕ್ಷರು ಹೇಳಿ ಬರೆಸಿದ್ದರು. "ಸಂಘದ ಗೋದಾಮು ಸದಸ್ಯರ ಉಣ್ಣೆಯಿಂದ ತುಂಬಿ ತುಳುಕುತ್ತಿದ್ದು..." ಎಂದು ಮುನಶಿಯವರು ಓದುವಾಗ ಚೀಲದ ಮೇಲೆ ಕೂತಿದ್ದ ಸುರಪುರದ ಕಡೆಯ ನೇಕಾರ ಅಂಬಣ್ಣ ತನ್ನ ಕೆಳಗಿನ ಚೀಲವನ್ನು ತಟ್ಟಿದ.

"ಈ ಉಣ್ಣೀಲೇ ರೊಟ್ಟಿ ಮಾಡಬಹುದು ನೋಡ್ರಿ."

ನಗೆ ಎದ್ದಿತು. ನಗೆಯ ಹಿಂದೆ ಸಿಟ್ಟು ಎದ್ದಿತು. ಹೋದ ಮಳೆಗಾಲ ಗೋದಾಮಿನಲ್ಲಿ ಜಾಗವಿಲ್ಲವೆಂದು ಉಣ್ಣೆ ವಾಪಸು ಒಯ್ದವರು, ಅದು ಮನೆಯಲ್ಲಿ ತೊಯ್ದು ಮುಗ್ಗಿದವರು ಒಬ್ಬೊಬ್ಬರೇ ನಿಂತರು. ಬಂದದ್ದು ಜಪ್ತಿಗಲ್ಲ, ತಮ್ಮನ್ನೇ ಕೇಳುವುದಕ್ಕೆ ಎಂದು ಅವರಿಗೆ ಆಗಷ್ಟೇ ಹೊಳೆಯತೊಡಗಿತ್ತು.

"ಈ ವರದಿ ನಾವು ಒಪ್ಪಂಗಿಲ್ಲ. ಹಂಗಂತ ಬರಕೋರಿ ಮುನಶಿಯವರ" ಎಂದ ಅಂಬಣ್ಣ.

ದೇವಿಂದ್ರಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ವರದಿ ಬಿದ್ದರೆ ಇನ್ಸ್‌ಪೆಕ್ಟರರು ಅದನ್ನು ಕಲಬುರ್ಗಿಯ ಮೇಲಿನ ಕಚೇರಿಗೆ ಬರೆಯುತ್ತಾರೆ. ಏನಾದರೂ ಮಾಡಿ ಸಭೆಯನ್ನೇ ನಿಲ್ಲಿಸಬೇಕು. ಅವರ ಕೈ ಮೇಜಿನ ಮೇಲಿದ್ದ ನೋಟೀಸು ಹಂಚಿದ ರಿಜಿಸ್ಟರನ್ನು ಎಳೆದುಕೊಂಡಿತು. ಪುಟ ತಿರುವಿದರು, ತಿರುವಿದರು, ಒಂದು ಕಡೆ ಬೆರಳು ನಿಂತಿತು. ಅವರ ಮುಖ ಅರಳಿತು.

"ಸಾಹೇಬ್ರ, ಅಧ್ಯಕ್ಷ ಅಂತ ನಾ ಒಂದು ಮಾತು ಹೇಳಬೇಕಾಗ್ಯಾದ. ಎಂಬತ್ತೇಳನೇ ನಂಬರ ಭೀಮವ್ವಗ ನೋಟೀಸು ಮುಟ್ಟಿದ್ದು ಏಳನೇ ತಾರೀಖ. ಎಂಟರಿಂದ ಇಪ್ಪತ್ತೊಂದರ ತನಕ ಎಣಸ್ರಿ. ಹದಿನಾಕು ದಿನ! ಕಾಯಿದೆಗೆ ಬೇಕಾದ್ದು ಹದಿನೈದು. ಈ ಸಭಾ ಕಾಯಿದೆಸೀರ ಅಲ್ಲ. ಇದರಾಗ ಏನೂ ಠರಾವು ಮಾಡಾಕ ಬರಂಗಿಲ್ಲ."

ತಾವು ಬರೆದ ಒಂದೇ ಒಂದು ನಿಜ ನೂರ ಹದಿನೆಂಟು ಜನರ ಸಭೆಯನ್ನು ಮುರಿಯಿತಲ್ಲ ಎಂದು ಮುನಶಿಯವರು ಕಣ್ಣು ಮುಚ್ಚಿದರು. ಆರು ಎಂದು ಬರೆದಿದ್ದರೆ!

ಭೀಮವ್ವ ಎದ್ದು, "ನನಗೇನೂ ತಕರಾರಿಲ್ಲರಿ. ನಾ ಬಂದೀನಲ್ಲ?" ಎಂದಳು.

ಇನ್ಸ್‌ಪೆಕ್ಟರರು ಬೆರಳು ಮಡಿಸಿ ಎಣಿಸಿದರು. ಉಪನಿಯಮ ಓದಿದರು. ಮತ್ತೆ ಎಣಿಸಿದರು. "ನೀವು ಬಂದಿದ್ದೀರಿ ತಾಯಿ. ಆದರೆ ಪ್ರತಿಯೊಬ್ಬರಿಗೂ ಪೂರ್ತಿ ಹದಿನೈದು ದಿನ ಅಂತ ಇಲ್ಲಿ ಕಡ್ಡಾಯ ಮಾಡಿದ್ದಾರೆ. ಒಬ್ಬರಿಗೆ ತಪ್ಪಿದರೂ ಪರವಾಗಿಲ್ಲ ಅನ್ನೋ ಸಾಲು ನಿಮ್ಮ ಸಂಘದ ಪುಸ್ತಕದಲ್ಲಿ ಇಲ್ಲ. ಅಧ್ಯಕ್ಷರು ಹೇಳಿದ್ದು ಸರಿ."

ಜನ ಗದ್ದಲ ಮಾಡಿದರು. ಅಂಬಣ್ಣ ತಲೆಯ ರುಮಾಲು ತೆಗೆದು ಕೊಡವಿದ. ದೇವಿಂದ್ರಪ್ಪನವರು ಗೆದ್ದವರ ಹಾಗೆ ಎಲೆ ಅಡಿಕೆ ಅಗಿಯತೊಡಗಿದರು. ಸಭೆ ಅಸಿಂಧು ಎಂದು ತಾವೇ ಹೇಳಿ ಬರೆಸಿ, ತಾವೇ ಸಹಿ ಮಾಡಿದರು.

ಆಗ ಇನ್ಸ್‌ಪೆಕ್ಟರರು ಅದೇ ಸಣ್ಣ ದನಿಯಲ್ಲಿ ಮುಂದುವರಿಸಿದರು: "ಅಂದಮೇಲೆ ಈ ವರ್ಷದ ಮಹಾಸಭೆ ಆಗಿಲ್ಲ. ಹೊಸದಾಗಿ ನೋಟೀಸು ಕೊಟ್ಟು ಕರೀಬೇಕು. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಅಧ್ಯಕ್ಷರೇ. ನಿಮ್ಮ ಈ ನೋಟೀಸಿನಲ್ಲಿ ಚುನಾವಣೆ ವಿಷಯ ಬಿಟ್ಟುಹೋಗಿತ್ತು. ಈ ಸಭೆ ನಡೆದಿದ್ದರೆ, ಪಟ್ಟಿಯಲ್ಲಿಲ್ಲದ ಚುನಾವಣೆಯನ್ನು ನಾನೂ ಮಾಡಿಸೋ ಹಾಗಿರಲಿಲ್ಲ. ಮೇಲಕ್ಕೆ ಬರೀಬೇಕಿತ್ತು, ಅಲ್ಲಿಂದ ಉತ್ತರ ಬರೋಕೆ ಒಂದು ವರ್ಷ. ಅಲ್ಲೀವರೆಗೂ ನೀವೇ ಮುಂದುವರೀತಿದ್ರಿ. ಈಗ ಆ ತಾಪತ್ರಯ ಇಲ್ಲ. ಹೊಸ ನೋಟೀಸಿನಲ್ಲಿ ಚುನಾವಣೆ ಸೇರಿಸಿಬಿಡಿ. ಲಿಖಿತವಾಗಿ ನಾನೂ ಕೊಟ್ಟು ಹೋಗ್ತೀನಿ. ಸದಸ್ಯರು ಯಾವ ವಿಷಯ ಬೇಕೋ ಬರೆದುಕೊಡಲಿ, ಗೋದಾಮಿನದೂ ಸೇರಲಿ."

ದೇವಿಂದ್ರಪ್ಪನವರು ಅಗಿಯುವುದನ್ನು ನಿಲ್ಲಿಸಿದರು. ತಾವು ಸಹಿ ಮಾಡಿದ ಹಾಳೆಯ ಕಡೆ ನೋಡಿದರು. ಮಸಿ ಆಗಲೇ ಒಣಗಿತ್ತು.

ಮುನಶಿಯವರು ಎರಡನೆಯ ನೋಟೀಸನ್ನು ತಹಸೀಲ ಕಚೇರಿಯ ಗೋಡೆ ನೋಡದೆ ಬರೆದರು. ಗೌಹರಬೇಗಂ ಅವರಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಅಚ್ಚಿಗೆ ಕಳಿಸಿದರು: "ಅಕ್ಟೋಬರ್ ಇಪ್ಪತ್ತನೇ ತಾರೀಖು ಭಾನುವಾರ ಮುಂಜಾನೆ ಹನ್ನೊಂದಕ್ಕೆ ಗೋದಾಮಿನ ಅಂಗಳದಲ್ಲಿ ಸಂಘದ ಮಹಾಸಭೆ ಇದೆ. ದಯಮಾಡಿ ಬನ್ನಿರಿ. ಏಳು ಜನ ಪಂಚರನ್ನು ಆರಿಸುವುದಿದೆ. ಗೋದಾಮಿನಲ್ಲಿ ಉಣ್ಣೆಯ ಹೊರತು ಬೇರೆ ಏನೂ ಇಡಕೂಡದು ಎಂಬ ವಿಷಯವೂ ಇದೆ." ಕೆಳಗೆ ಉಳಿದ ವಿಷಯಗಳನ್ನು ಒಂದು, ಎರಡು ಎಂದು ಹಾಕಿದರು. ಮಕ್ತುಮಸಾಬ ಈ ಸಲ ಮೊದಲು ಭೀಮವ್ವನನ್ನೇ ಹುಡುಕಿ ಹೋದ. ಅಕ್ಟೋಬರ್ ಮೂರರೊಳಗೆ ಎಲ್ಲವೂ ಮುಟ್ಟಿ, ಒಂದು ದಿನ ಉಳಿಯಿತು.

ಎಲ್ಲರಿಗೂ ತಿಳಿಯುವ ಹಾಗೆ ಬರೆದದ್ದರ ಫಲ ಇಪ್ಪತ್ತನೆಯ ತಾರೀಖು ಕಂಡಿತು. ಕೋರ್ಟೂ ಅಲ್ಲ, ಜಪ್ತಿಯೂ ಅಲ್ಲ ಎಂದು ತಿಳಿದ ಮೇಲೆ ಜನರಿಗೆ ಅಂಜಿಕೆ ಹೋಯಿತು. ಅಂಜಿಕೆಯ ಜೊತೆಗೆ ಅವಸರವೂ ಹೋಯಿತು. ಎರಡು ದಿನಕ್ಕೆ ದೀಪಾವಳಿ. ಕುರಿ ಕೊಟ್ಟಿಗೆ ಬಳಿಯುವುದಿತ್ತು, ಬಿತ್ತನೆ ಇತ್ತು. ಹನ್ನೊಂದಕ್ಕೆ ಅಂಗಳದಲ್ಲಿ ಇದ್ದವರು ಹತ್ತೊಂಬತ್ತು ಜನ. ಅರ್ಧ ಗಂಟೆ ಕಾಯಬಹುದು, ಅಷ್ಟರಲ್ಲಿ ಕೋರಂ ಆಗದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ, ಮತ್ತೆ ನೋಟೀಸು ಎಂದು ಇನ್ಸ್‌ಪೆಕ್ಟರರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅಂಬಣ್ಣ ಓಣಿ ಓಣಿ ಓಡಿದ. ಹನ್ನೊಂದು ಇಪ್ಪತ್ತಾರಕ್ಕೆ ಹಾಜರಿ ಪುಸ್ತಕದಲ್ಲಿ ಇಪ್ಪತ್ತೆಂಟು ಹೆಸರು ಬಿದ್ದವು. ಇನ್ನೊಂದು ಬೇಕು.

ಆ ಇನ್ನೊಬ್ಬರು ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು. ದೇವಿಂದ್ರಪ್ಪನವರು ಅಲ್ಲಿಂದಲೇ ಬಂದವರನ್ನು ಎಣಿಸುತ್ತಿದ್ದರು. ತಮ್ಮ ಕಡೆಯವರು ಹದಿನೈದು, ಆಚೆಯವರು ಹದಿಮೂರು ಎಂದು ಅವರ ಲೆಕ್ಕ. ಇನ್ನು ನಾಲ್ಕು ನಿಮಿಷ ಕೂತಿದ್ದರೆ ಅವರ ಅಧ್ಯಕ್ಷಗಿರಿ ಮತ್ತೊಂದು ತಿಂಗಳು ಉಳಿಯುತ್ತಿತ್ತು. ಆದರೆ ಲೆಕ್ಕ ತಮ್ಮ ಕಡೆಗಿದೆ ಎಂದು ಕಂಡ ಮೇಲೆ ವ್ಯಾಪಾರಿಯ ಕಾಲು ನಿಲ್ಲಲಿಲ್ಲ. ಎದ್ದು ಬಂದು, ಧೋತರ ಝಾಡಿಸಿ, ಹಾಜರಿ ಪುಸ್ತಕದಲ್ಲಿ ಗಟ್ಟಿಯಾಗಿ ಸಹಿ ಹಾಕಿದರು.

"ಇಪ್ಪತ್ತೊಂಬತ್ತು. ಕೋರಂ ಆಯಿತು" ಎಂದರು ಇನ್ಸ್‌ಪೆಕ್ಟರರು.

ವರ್ಷದ ವರದಿಯನ್ನು ತಿದ್ದಿ ಒಪ್ಪಿದರು. ಆಡಿಟ್ ವರದಿ ಓದಿದರು. ಚುನಾವಣೆಯ ಹೊತ್ತಿಗೆ ದೇವಿಂದ್ರಪ್ಪನವರು ಎಣಿಸಿದ್ದ ಹದಿನೈದು ಜನರಲ್ಲಿ ಐವರು ತಮ್ಮ ಮುಗ್ಗಿದ ಉಣ್ಣೆಯನ್ನು ನೆನೆಸಿಕೊಂಡರು. ಒಂಬತ್ತು ಜನ ನಿಂತಿದ್ದರು. ಒಬ್ಬೊಬ್ಬರ ಹೆಸರು ಕೂಗಿದಂತೆ ಕೈ ಎತ್ತಿಸಿ ಎಣಿಸಿದರು. ಅತಿ ಹೆಚ್ಚು, ಇಪ್ಪತ್ತೆರಡು ಕೈ ಎದ್ದದ್ದು ಭೀಮವ್ವನಿಗೆ. ಹೋದ ಸಲದ ಸಭೆಯನ್ನು ಮುರಿದವಳು ಎಂದೇ ಎಲ್ಲರಿಗೂ ಅವಳ ಹೆಸರು ನೆನಪಿತ್ತು. ಅಂಬಣ್ಣನೂ ಬಂದ. ದೇವಿಂದ್ರಪ್ಪನವರಿಗೆ ಹನ್ನೊಂದು ಕೈ ಬಿದ್ದು, ಎಂಟನೆಯವರಾದರು. ಬೇಕಾದದ್ದು ಏಳು.

ಕಡೆಯ ವಿಷಯ ಗೋದಾಮಿನದು. ಜೋಳದ ಚೀಲಗಳನ್ನು ಎಂಟು ದಿನದಲ್ಲಿ ತೆರವು ಮಾಡಬೇಕು ಎಂದು ಠರಾವಾಯಿತು. ದೇವಿಂದ್ರಪ್ಪನವರು ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, "ಆ ನೋಟೀಸು ಚಲೋ ಬರದಿದ್ರಿ ಮುನಶಿಯವರ, ಮೊದಲಿಂದು" ಎಂದರು. ಅದು ಬೈಗುಳವೋ ಹೊಗಳಿಕೆಯೋ ಮುನಶಿಯವರಿಗೆ ತಿಳಿಯಲಿಲ್ಲ.

ಜನ ಚದುರಿದ ಮೇಲೆ ಮುನಶಿಯವರು ಮೊದಲ ಸಲ ಕನ್ನಡದಲ್ಲಿ ನಡಾವಳಿ ಬರೆದು ಮುಗಿಸಿ, ಹೊಸ ಪಂಚರು ಸಹಿ ಮಾಡಲಿ ಎಂದು ಮುಂದಿಟ್ಟರು. ಅಕ್ಷರ ಇನ್ನೂ ದುಂಡಾಗಿರಲಿಲ್ಲ, ಸಾಲು ಡೊಂಕಾಗಿತ್ತು. ಮಕ್ತುಮಸಾಬ ಮಸಿಯ ಪ್ಯಾಡು ತೆರೆದು ಭೀಮವ್ವನ ಕೈ ಹಿಡಿಯಲು ಹೋದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಮೊದಲ ಓದ್ರಿ, ಏನ ಬರದೀರಂತ."

ಮುನಶಿಯವರು ಓದಿದರು. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದಳು. ಗೋದಾಮಿನ ಠರಾವಿಗೆ ಬಂದಾಗ ಕಣ್ಣು ಬಿಟ್ಟಳು.

"ಸರ್ವಾನುಮತ ಅಂದ್ರ?"

"ಎಲ್ಲಾರೂ ಕೂಡಿ ಒಪ್ಪಿದ್ರು ಅಂತವ್ವ."

"ಎಲ್ಲಿ ಒಪ್ಪ್ಯಾರ್ರಿ? ದೇವಿಂದ್ರಪ್ಪ ಸಾವಕಾರ ಬ್ಯಾಡ ಅಂತ ಕೈ ಎತ್ತಿದ್ದ. ನಾ ನೋಡೀನಿ. ಅವ ಒಲ್ಲೆ ಅಂದದ್ದು ಬರೀಬೇಕು, ಇಲ್ಲಂದ್ರ ನಾಳಿ ನಾ ಒಲ್ಲೆ ಅಂದದ್ದೂ ನೀವು ಬರಿಯಂಗಿಲ್ಲ."

ಮುನಶಿಯವರು ತಾವು ಬರೆದ ಸಾಲನ್ನು ಮತ್ತೆ ನೋಡಿದರು. ಬೇಕೆಂದು ಬರೆದದ್ದಲ್ಲ. ಏಳು ವರ್ಷದ ರೂಢಿಗೆ ಕೈ ತಾನಾಗಿ ಆ ಮಾತನ್ನು ಬರೆದುಬಿಟ್ಟಿತ್ತು. ಅವರು ಆ ಶಬ್ದದ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಸಣ್ಣದಾಗಿ ಸಹಿ ಮಾಡಿದರು. ಮೇಲೆ ಬರೆದರು: ಪರ ಇಪ್ಪತ್ತೆಂಟು, ವಿರೋಧ ಒಂದು.

"ಈಗ?" ಎಂದು ಕೇಳಿದರು.

"ಈಗ ತರ್ರಿ" ಎಂದು ಭೀಮವ್ವ ಹೆಬ್ಬೆಟ್ಟನ್ನು ತಾನೇ ಮಸಿಗೆ ಒತ್ತಿದಳು.